ಮಳೆಗಾಲದ ಗಿಡ ಮಾರಾಟ: ಮಲ್ಲಿಗೆ, ಕರಿಬೇವು, ದಾಸವಾಳ

ನಮ್ಮ ನರ್ಸರಿಯಲ್ಲಿ ಈ ಶನಿವಾರ, ಭಾನುವಾರ ಮಳೆಗಾಲದ ಮಾರಾಟ ಇದೆ. ದುಂಡು ಮಲ್ಲಿಗೆ ₹60, ಕರಿಬೇವು ₹40, ದಾಸವಾಳ ₹80.

ಮಳೆಗಾಲದಲ್ಲಿ ಕುಂಡದ ಗಿಡ ಒಣಗಿ ಸಾಯೋದು ಕಡಿಮೆ, ಬೇರು ಕೊಳೆತು ಸಾಯೋದೇ ಜಾಸ್ತಿ. ಮಣ್ಣಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಹಳದಿಯಾಗಿ ಜೋತು ಬಿದ್ದಿದೆಯಾ? ಬೇರು ಕೊಳೀತಿರಬಹುದು. ಬಾಡಿದೆ ಅಂತ ಮತ್ತೆ ನೀರು ಹಾಕಬೇಡಿ.

ಉದಾಹರಣೆಗೆ ಮಲ್ಲಿಗೆ ನೆಡುವುದನ್ನೇ ನೋಡಿ. ಮನೆಗೆ ತಂದ ದಿನವೇ ನೆಡಬೇಡಿ, ನಾಲ್ಕೈದು ದಿನ ಮಳೆ ಬೀಳದ, ಬೆಳಕಿರುವ ಜಾಗದಲ್ಲಿಡಿ. ಹತ್ತು ಇಂಚಿನ ಕುಂಡ ಸಾಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕವರನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ. ಗಿಡ ಹಿಡಿದು ಎಳೆದರೆ ಮಣ್ಣಿನ ಉಂಡೆ ಒಡೆದು ಎಳೆ ಬೇರುಗಳು ಹರಿಯುತ್ತವೆ. ಕವರಿನಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಷ್ಟೇ ಆಳಕ್ಕೆ ನೆಡಿ. ನೆಟ್ಟ ಮೇಲೆ ಒಂದು ಚೊಂಬು ನೀರು ಹುಯ್ಯಿರಿ. ಎರಡು ನಿಮಿಷದಲ್ಲಿ ಕೆಳಗಿನ ತೂತಿನಿಂದ ಇಳಿಯದಿದ್ದರೆ ತೂತು ಮುಚ್ಚಿರಬಹುದು, ಕಡ್ಡಿಯಿಂದ ಬಿಡಿಸಿ. ಕುಂಡದ ಕೆಳಗಿನ ತಟ್ಟೆಯನ್ನೂ ಮಳೆ ಮುಗಿಯುವವರೆಗೆ ತೆಗೆದಿಡಿ. ಆಮೇಲೆ ಮೇಲಿನ ಒಂದು ಇಂಚು ಮಣ್ಣು ಒಣಗಿದಾಗ ಮಾತ್ರ ನೀರು. ಕರಿಬೇವಿಗೂ ಇದೇ ಕ್ರಮ. ದಾಸವಾಳ ಸ್ವಲ್ಪ ಜಾಸ್ತಿ ನೀರು ತಡೆದುಕೊಳ್ಳುತ್ತದೆ.

ಬೇಕಾದ ಗಿಡ ಶುಕ್ರವಾರ ಸಂಜೆಯೊಳಗೆ ಮೆಸೇಜ್ ಮಾಡಿ ತಿಳಿಸಿ, ಹೆಸರು ಬರೆದು ಎತ್ತಿಡುತ್ತೇವೆ. ಎರಡೂ ದಿನ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಬಂದು ತಗೊಂಡು ಹೋಗಬಹುದು. ಸ್ಕೂಟರಲ್ಲಿ ಬರುವವರು ಆಳವಾದ ಬಕೆಟ್ ತನ್ನಿ, ಗಾಳಿಗೆ ಚಿಗುರು ಮುರಿಯುವುದಿಲ್ಲ.