ಹೊಟ್ಟೆ ಕೆಟ್ಟಾಗ ಏನು ತಿನ್ನಬೇಕು, ಜಿಮ್‌ಗೆ ಯಾವಾಗ ಮರಳಬೇಕು?

ಜಿಮ್‌ಗೆ ಹೋಗುವವರಿಗೆ ಹೊಟ್ಟೆ ಕೆಟ್ಟರೆ ಕಾಯಿಲೆಗಿಂತ ತೂಕದ ಯಂತ್ರದ ಭಯವೇ ಜಾಸ್ತಿ. ಶುಕ್ರವಾರ ರಾತ್ರಿ ಹೊರಗೆ ತಿಂದದ್ದು ಆಗಿಬರುವುದಿಲ್ಲ. ರಾತ್ರಿಯಿಡೀ ವಾಂತಿ, ಭೇದಿ. ಭಾನುವಾರ ಬೆಳಿಗ್ಗೆ ಯಂತ್ರ ಹತ್ತಿದರೆ ಎರಡು ಕೆ.ಜಿ. ಮಾಯ. ‘ಮಸಲ್ ಎಲ್ಲಾ ಹೋಯ್ತು’ ಎಂದು ಗಾಬರಿಯಾಗಿ ಎರಡು ಸ್ಕೂಪ್ ಪ್ರೋಟೀನ್ ಪುಡಿಯನ್ನು ಹಾಲಿಗೆ ಹಾಕಿ ಕುಡಿಯುತ್ತಾರೆ. ಅರ್ಧ ಗಂಟೆಯಲ್ಲಿ ಮತ್ತೆ ಟಾಯ್ಲೆಟ್ಟಿಗೆ ಓಟ. ಎರಡು ಮೂರು ದಿನಕ್ಕೆ ಮುಗಿಯುವ ತೊಂದರೆ ಹೀಗೆ ವಾರ ಎಳೆಯುವುದನ್ನು ನಮ್ಮ ಜಿಮ್‌ನಲ್ಲೇ ಬೇಕಾದಷ್ಟು ನೋಡಿದ್ದೇನೆ.

ಮೊದಲು ಆ ಎರಡು ಕೆ.ಜಿ. ಲೆಕ್ಕ ನೋಡೋಣ. 70 ಕೆ.ಜಿ. ತೂಕದ, ದಿನಕ್ಕೆ 2,600 ಕ್ಯಾಲೊರಿ ತಿನ್ನುವ ಒಬ್ಬ ಹುಡುಗ ಅಂದುಕೊಳ್ಳಿ. ಶನಿವಾರ ಅವನ ಹೊಟ್ಟೆಗೆ ಇಳಿದದ್ದು 400 ಕ್ಯಾಲೊರಿ ಇರಬಹುದು. ಕೊರತೆ 2,200. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಯ ಕೊರತೆ ಬೇಕು. ಅಂದರೆ ಪೂರ್ತಿ ಕೊರತೆಯನ್ನು ಕೊಬ್ಬೇ ತುಂಬಿದರೂ ಇಳಿಯುವುದು 300 ಗ್ರಾಂ. ಉಳಿದದ್ದರಲ್ಲಿ ಬಹುಪಾಲು ನೀರು, ಖಾಲಿಯಾದ ಕರುಳು, ಮತ್ತು ಸ್ನಾಯುವಿನಲ್ಲಿ ಕೂಡಿಟ್ಟಿದ್ದ ಗ್ಲೈಕೊಜೆನ್ ಎಂಬ ಸಕ್ಕರೆ ದಾಸ್ತಾನು. ಒಂದು ಗ್ರಾಂ ಗ್ಲೈಕೊಜೆನ್ ಜೊತೆಗೆ ಮೂರು ಗ್ರಾಂನಷ್ಟು ನೀರೂ ಹೋಗುತ್ತದೆ. ಇದೆಲ್ಲ ವಾಪಸ್ ಬರುವುದು ಉಪ್ಪು, ನೀರು, ಅನ್ನದಿಂದ. ಪ್ರೋಟೀನ್ ಸರದಿ ಆಮೇಲೆ. ಕೆಲವು ದಿನ ಭಾರ ಎತ್ತದಿದ್ದರೆ ಶಕ್ತಿಯೂ ಕುಸಿಯುವುದಿಲ್ಲ. ಎರಡು ವಾರ ಪೂರ್ತಿ ಬಿಟ್ಟವರಲ್ಲೂ ಅದು ಹೆಚ್ಚು ಕಡಿಮೆ ಉಳಿದಿರುತ್ತದೆ.

ಹಂತ 1: ಮೊದಲ ದಿನ, ನೀರು ಒಳಗೆ ನಿಲ್ಲಿಸುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಓಆರ್‌ಎಸ್ ಕುಡಿಯಬೇಕು ಅಂತ ಎಲ್ಲರಿಗೂ ಗೊತ್ತು, ಕಲಸುವುದು ಮಾತ್ರ ಮನಸ್ಸಿಗೆ ಬಂದ ಹಾಗೆ.

ಪ್ಯಾಕೆಟ್ ಹಿಂದೆ ‘1 ಲೀಟರ್’ ಎಂದಿದ್ದರೆ ಇಡೀ ಪ್ಯಾಕೆಟ್ಟು ಒಂದು ಲೀಟರ್ ನೀರಿಗೆ, ಒಂದೇ ಸಲ. ‘200 ಮಿ.ಲೀ.’ ಎಂದಿದ್ದರೆ ಒಂದು ಲೋಟಕ್ಕೆ. ದೊಡ್ಡ ಪ್ಯಾಕೆಟ್ ಹರಿದು, ಲೋಟಕ್ಕೆ ಇಷ್ಟು ಉದುರಿಸಿಕೊಂಡು, ಉಳಿದದ್ದನ್ನು ಮಡಿಸಿಡುವುದು ಬೇಡ. ಅಳತೆ ತಪ್ಪುತ್ತದೆ. ದ್ರಾವಣ ಗಟ್ಟಿಯಾದರೆ ಅದು ಕರುಳಿನಿಂದ ರಕ್ತಕ್ಕೆ ಹೋಗುವ ಬದಲು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ತೆಳ್ಳಗಾದರೆ ಉಪ್ಪು ಸಾಲುವುದಿಲ್ಲ. ಒಂದು ಲೀಟರ್ ನೀರಿನ ಬಾಟಲಿ ತಂದು ಅದರಲ್ಲೇ ಕಲಸುವುದು ಸುಲಭ. ಪ್ರೋಟೀನ್ ಶೇಕರ್ ಬೇಡ, ತೊಳೆದಿದ್ದರೂ ಬೇಡ, ಮುಚ್ಚಳದ ಸಂದಿಯಲ್ಲಿ ಏನಿರುತ್ತದೋ ಹೇಳಲಾಗದು. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ.

ಉಪ್ಪಿನ ಜೊತೆ ಸಕ್ಕರೆ ಯಾಕೆ ಎಂದರೆ, ಕರುಳಿನ ಗೋಡೆ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಬರುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ಕೆಲಸ ಮಾಡುತ್ತಲೇ ಇರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಇದೇ ಉಪ್ಪು ಸಕ್ಕರೆ ನೀರು ಕುಡಿಸಿ ಸಾವುಗಳನ್ನು ತಗ್ಗಿಸಿದ್ದರು. ಸುಮ್ನೆ ಗ್ಲೂಕೋಸ್ ಪುಡಿ ಕದಡಿ ಕುಡಿದರೆ ಈ ಜೋಡಿಯಲ್ಲಿ ಒಂದೇ ಸಿಕ್ಕಿತು ಅಷ್ಟೇ.

ಬಣ್ಣದ ಡಬ್ಬಿಗಳ ಬಗ್ಗೆ ಒಂದು ಮಾತು. ಓಆರ್‌ಎಸ್ ಅನ್ನುವ ಹೆಸರಿನಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಮೆಡಿಕಲ್ ಶಾಪ್‌ಗಳಲ್ಲೇ ವರ್ಷಗಟ್ಟಲೆ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಎಂದಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ ಪುಡಿಯನ್ನೇ ಕೇಳಿ. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಓಆರ್‌ಎಸ್ ಜೊತೆಗೆ ಕುಡಿಯಿರಿ, ಅದರ ಬದಲಿಗೆ ಬೇಡ.

ವಾಂತಿಯಾದ ಕೂಡಲೇ ಬಾಯಾರಿಕೆಗೆ ಗಟಗಟ ಕುಡಿದರೆ ಅದೂ ಹೊರಗೆ ಬರುತ್ತದೆ. ಹತ್ತು ನಿಮಿಷ ಬಿಡಿ. ಆಮೇಲೆ ಒಂದೆರಡು ನಿಮಿಷಕ್ಕೆ ಒಂದು ಟೀ ಚಮಚ. ಇದು ಮಕ್ಕಳಾಟದ ಹಾಗೆ ಕಾಣುತ್ತದೆ, ಆದರೆ ನಿಮಿಷಕ್ಕೊಂದು ಚಮಚ ಹೋದರೆ ಗಂಟೆಗೆ 300 ಮಿ.ಲೀ. ಆಯಿತು. ಒಂದು ಗಂಟೆ ವಾಂತಿ ಇಲ್ಲದಿದ್ದರೆ ಗುಟುಕಿಗೆ ಏರಿಸಿ. ನಂತರ ಪ್ರತಿ ಸಲ ಭೇದಿಯಾದಾಗ ಒಂದು ದೊಡ್ಡ ಲೋಟ. ಸರಿಹೋಗುತ್ತಿದೆಯಾ ಎಂದು ನೋಡಲು ಮೂತ್ರದ ಬಣ್ಣ ಸಾಕು. ತಿಳಿ ಹಳದಿಯಾದರೆ ಸರಿ, ಕಡು ಹಳದಿ ಇದ್ದರೆ ಇನ್ನೂ ಬೇಕು.

ಈ ದಿನ ಕ್ಯಾಲೊರಿ, ಪ್ರೋಟೀನ್ ಲೆಕ್ಕದ ಆಪ್ ತೆರೆಯಬೇಡಿ. ಕಾಫಿ ಬೇಡ, ಕರುಳನ್ನು ಕೆಣಕುತ್ತದೆ. ಕ್ರಿಯೇಟಿನ್ ಬಿಡಿ. ಸ್ನಾಯುವಿನಲ್ಲಿ ತುಂಬಿಕೊಂಡದ್ದು ಇಳಿಯಲು ವಾರಗಳೇ ಬೇಕು.

ಎಂಟು ಗಂಟೆ ಮೂತ್ರವೇ ಬರದಿದ್ದರೆ, ಚಮಚದ ನೀರೂ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಜ್ವರ 102 ಡಿಗ್ರಿ ದಾಟಿದರೆ ನೇರ ಡಾಕ್ಟರ ಹತ್ತಿರ ಹೋಗಿ. ಜ್ವರ ಅಥವಾ ರಕ್ತ ಇರುವಾಗ ಭೇದಿ ಕಟ್ಟುವ ಮಾತ್ರೆಯನ್ನು ನೀವಾಗಿ ನುಂಗಬೇಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಈ ಲೇಖನ ನಂಬಿ ಕೂರದೆ ಮೊದಲೇ ವಿಚಾರಿಸಿ.

ಹಂತ 2: ಗಂಜಿಯಿಂದ ಮೊಸರನ್ನಕ್ಕೆ

ನಾಲ್ಕೈದು ಗಂಟೆ ವಾಂತಿ ಇಲ್ಲ, ಸ್ವಲ್ಪ ಹಸಿವಾಗುತ್ತಿದೆ ಎಂದರೆ ಊಟ ಶುರು. ಭೇದಿ ಪೂರ್ತಿ ನಿಲ್ಲಲಿ ಎಂದು ಕಾಯಬೇಕಿಲ್ಲ. ಹೊಟ್ಟೆ ಖಾಲಿ ಬಿಟ್ಟಷ್ಟೂ ಕರುಳು ಚೇತರಿಸಿಕೊಳ್ಳುವುದು ನಿಧಾನ.

60 ಗ್ರಾಂ ಅಕ್ಕಿ, ಅಂದರೆ ಒಂದು ದೊಡ್ಡ ಹಿಡಿ. ಎಂಟು ಪಟ್ಟು ನೀರು, ಕಾಲು ಟೀ ಚಮಚ ಉಪ್ಪು. ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ ಸೌಟಿನಿಂದ ಮಸೆಯಿರಿ. ಕರಾವಳಿಯವರು ಕುಚ್ಚಲಕ್ಕಿ ಗಂಜಿಯೇ ಬೇಕು ಎನ್ನುತ್ತಾರೆ. ಬೇರೆ ದಿನ ನಾನೂ ಅದನ್ನೇ ಕೇಳುತ್ತೇನೆ, ಆದರೆ ಮೊದಲ ದಿನ ನಾರು ಕಡಿಮೆ ಇರುವ ಬೆಳ್ತಿಗೆ ಅಕ್ಕಿಯೇ ವಾಸಿ. ರಾಗಿಗೂ ಇದೇ ಮಾತು. ಅಂಬಲಿ, ಮುದ್ದೆ ಮೂರನೇ ದಿನಕ್ಕೆ ಇರಲಿ. ನೆಂಚಿಕೊಳ್ಳಲು ಖಾರದ ಉಪ್ಪಿನಕಾಯಿ ಬೇಡ.

ಭಾನುವಾರದ ಊಟ ನಮ್ಮ ಹುಡುಗನಿಗೆ ಹೀಗಿರಲಿ. ದಿನವಿಡೀ ಸೇರಿ 200 ಗ್ರಾಂ ಅಕ್ಕಿ, ಬೆಳಿಗ್ಗೆ ಗಂಜಿಯಾಗಿ, ಮಧ್ಯಾಹ್ನ ಮೆತ್ತಗಿನ ಅನ್ನವಾಗಿ. 50 ಗ್ರಾಂ ಹೆಸರುಬೇಳೆಯ ನೀರಾದ ತೊವ್ವೆ, ಒಗ್ಗರಣೆಗೆ ಜೀರಿಗೆ ಮಾತ್ರ. ಎರಡು ಬಾಳೆಹಣ್ಣು. ರಾತ್ರಿ 200 ಗ್ರಾಂ ಮೊಸರಿನಲ್ಲಿ ಅನ್ನ ಕಲಸಿ. ಒಟ್ಟು ಸುಮಾರು 1,200 ಕ್ಯಾಲೊರಿ, 35 ಗ್ರಾಂ ಪ್ರೋಟೀನ್. ಅವನ ಮಾಮೂಲಿ 110 ಗ್ರಾಂ ಮುಂದೆ ಇದು ಬಡ ಲೆಕ್ಕವೇ. ಆದರೂ ಹೊಟ್ಟೆಯಲ್ಲಿ ಉಳಿಯುವ 35 ಗ್ರಾಂ ನನಗೆ ಇಷ್ಟ. ಮೂರು ದೊಡ್ಡ ಊಟಕ್ಕಿಂತ ಆರು ಸಣ್ಣ ಬಟ್ಟಲು ಮಾಡಿಕೊಳ್ಳಿ.

ಮೊಸರು ಆಗುತ್ತದೆ, ಹಾಲು ಆಗುವುದಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಡೆಯುವ ಕಿಣ್ವ ಸಣ್ಣ ಕರುಳಿನ ಮೇಲ್ಪದರದಲ್ಲಿ ಇರುತ್ತದೆ. ಸೋಂಕಿನಲ್ಲಿ ಮೊದಲು ಏಟು ತಿನ್ನುವುದು ಆ ಪದರವೇ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ ಹುಳಿತು ಗ್ಯಾಸ್, ಭೇದಿ ಎಬ್ಬಿಸುತ್ತದೆ. ಮೊಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಒಂದಿಷ್ಟು ಮೊದಲೇ ಒಡೆದಿರುತ್ತವೆ. ಅಗ್ಗದ ವೇ ಕಾನ್ಸಂಟ್ರೇಟ್ ಪ್ರೋಟೀನ್ ಪುಡಿಯಲ್ಲೂ ಲ್ಯಾಕ್ಟೋಸ್ ಇದೆ. ಅದನ್ನು ಹಾಲಿಗೇ ಹಾಕಿದರೆ ಡಬಲ್ ಡೋಸ್ ಅಲ್ವಾ?

ಹಂತ 3: ಸೋಮವಾರ, ಮಂಗಳವಾರ

ಸುಲಭದ ಹಂತ. ಸೋಮವಾರ ಭಾನುವಾರದ ಊಟದ ಜೊತೆಗೆ ನಾಲ್ಕು ಇಡ್ಲಿ, ಮೂರು ಬೇಯಿಸಿದ ಮೊಟ್ಟೆ, ಬೇಳೆ ಮತ್ತು ಮೊಸರು ಇನ್ನಷ್ಟು. 1,800 ಕ್ಯಾಲೊರಿ, 65 ಗ್ರಾಂ ಪ್ರೋಟೀನ್ ಆಗುತ್ತದೆ. ಮರುದಿನ ಕೋಳಿ ಸಾರು, ಮುದ್ದೆ, ಮಾಮೂಲಿ ಊಟ. ಕರಿದದ್ದು, ಹಸಿ ತರಕಾರಿ ಕೊನೆಗೆ.

ಜ್ವರ, ನೆಗಡಿ ಆಗಿದ್ದರೆ

ಜ್ವರದಲ್ಲಿ ಮೈ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಸುಮಾರು ಶೇ 10ರಷ್ಟು ಜಾಸ್ತಿ ಉರಿಸುತ್ತದೆ, ಬಾಯಿಗೆ ಮಾತ್ರ ಏನೂ ಸೇರುವುದಿಲ್ಲ. ಹೊಟ್ಟೆ ಸರಿ ಇದ್ದರೆ ಇಲ್ಲಿ ಹಾಲು, ರಾಗಿ ಮಾಲ್ಟ್, ತುಪ್ಪ ಹಾಕಿದ ಸಾರನ್ನ ಎಲ್ಲ ಆಗುತ್ತದೆ. ಪ್ಯಾರಾಸಿಟಮಾಲ್ ನುಂಗಿ ಜ್ವರ ಇಳಿಸಿಕೊಂಡು ಜಿಮ್‌ಗೆ ಬರುವವರಿದ್ದಾರೆ. ಮಾತ್ರೆ ಇಳಿಸುವುದು ಉಷ್ಣತೆ, ಸೋಂಕು ಹಾಗೇ ಇರುತ್ತದೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಇಳಿಯುತ್ತವೆ. ಆಗ ಭಾರ ಎತ್ತುವುದು ನಿಜಕ್ಕೂ ಅಪಾಯ. ಮಳೆಗಾಲದಲ್ಲಿ ಮೈಕೈ ನೋವಿನ ಜ್ವರ ಬಂದರೆ ಡೆಂಗಿ ಅಲ್ಲ ಎಂದು ಪರೀಕ್ಷೆಯಲ್ಲಿ ತಿಳಿಯುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ. ರಕ್ತಸ್ರಾವದ ಭಯ ಇರುತ್ತದೆ.

ಜ್ವರವಿಲ್ಲದ ಬರೀ ನೆಗಡಿಗೆ ಮಾಮೂಲಿ ಊಟ, ಅರ್ಧ ಸೆಟ್. ಕೆಮ್ಮು ಎದೆಗೆ ಇಳಿದಿದ್ದರೆ ಅದೂ ಬೇಡ.

ಹಂತ 4: ಮತ್ತೆ ಜಿಮ್‌ಗೆ

24 ಗಂಟೆ ಭೇದಿ ಇಲ್ಲ, ಜ್ವರ ಇಲ್ಲ, ಎರಡು ಪೂರ್ತಿ ಊಟ ನಿಂತಿದೆ, ಮೂತ್ರ ತಿಳಿಯಾಗಿದೆ. ಈ ನಾಲ್ಕೂ ಆದ ಮೇಲೆ ಹೊರಡಿ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು. ಮಾಮೂಲಿಗಿಂತ ಹತ್ತು ಬಡಿತ ಜಾಸ್ತಿ ಇದ್ದರೆ ಇನ್ನೊಂದು ದಿನ ಮನೆಯಲ್ಲಿರಿ.

ನಮ್ಮ ಹುಡುಗನಿಗೆ ಇದು ಬುಧವಾರ. ಹೋಗುವ ಎರಡು ಗಂಟೆ ಮುಂಚೆ ಅನ್ನ ಅಥವಾ ಇಡ್ಲಿ, ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ. ಸ್ಕ್ವಾಟ್ ಮಾಮೂಲಿ 100 ಕೆ.ಜಿ. ಆದರೆ 70 ಸಾಕು, ಸೆಟ್ ಅರ್ಧ. ಪ್ರಿ-ವರ್ಕೌಟ್ ಪುಡಿ ಬೇಡ, ಅದರಲ್ಲಿರುವ ಕೆಫೀನ್ ದಣಿವನ್ನು ಮುಚ್ಚಿಹಾಕುತ್ತದೆ. ತಲೆ ಹಗುರವಾದಂತೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಶುಕ್ರವಾರ 85, ಮುಂದಿನ ಸೋಮವಾರ ಪೂರ್ತಿ ತೂಕ. ತಪ್ಪಿದ ದಿನಗಳನ್ನು ಸರಿದೂಗಿಸಲು ಎರಡು ದಿನದ ವ್ಯಾಯಾಮ ಒಂದೇ ದಿನಕ್ಕೆ ತುರುಕಬೇಡಿ.

ಪ್ರೋಟೀನ್ ಪುಡಿಗೆ ಮರಳುವ ಮುಂಚೆ ಅರ್ಧ ಲೋಟ ಹಾಲು ಕುಡಿದು ನೋಡಿ. ಮೂರ್ನಾಲ್ಕು ಗಂಟೆಯಲ್ಲಿ ಹೊಟ್ಟೆ ಉಬ್ಬರಿಸಿ ಗುಡುಗುಡು ಎಂದರೆ ಕರುಳು ಇನ್ನೂ ಸಿದ್ಧವಿಲ್ಲ. ಇನ್ನೊಂದು ವಾರ ಮೊಟ್ಟೆ, ಮೊಸರು, ಬೇಳೆಯಲ್ಲೇ ನಡೆಸಿ. ಏನೂ ಆಗದಿದ್ದರೆ ಅರ್ಧ ಸ್ಕೂಪ್, ಬರೀ ನೀರಿನಲ್ಲಿ.