ಹಳ್ಳಿ ಛತ್ರಕ್ಕೆ ದಾರಿ ಚೀಟಿ: ನನ್ನ ಅನುಭವ

ನಾಗಮಂಗಲ ಕಡೆ ಲಗ್ನಪತ್ರಿಕೆ ಪ್ರಿಂಟ್ ಮಾಡುವುದು ನನ್ನ ಕೆಲಸ. ಪತ್ರಿಕೆ ಜೊತೆ ಒಂದು ದಾರಿ ಚೀಟಿ ಇಡುತ್ತೇನೆ ಅಂದಾಗ ನಮ್ಮ ಲೈನಿನವರೇ ನಕ್ಕಿದ್ದರು. ‘ಲೊಕೇಶನ್ ಕಳಿಸಿದ್ರೆ ಆಯ್ತಲ್ವಾ, ಚೀಟಿ ಯಾರು ಓದ್ತಾರೆ?’ ಅಂದರು. ಈಗ ಅವರ ಅಂಗಡಿಗೆ ಬಂದವರೂ ನನ್ನ ಚೀಟಿ ತೋರಿಸಿ ಇದೇ ತರ ಬೇಕು ಅಂತಾರೆ.

ಹಳ್ಳಿ ಸಮುದಾಯ ಭವನದ ಹೆಸರು ಮ್ಯಾಪಿನಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಊರಿನ ಹೆಸರು ಹಾಕಿದರೆ ಇನ್ಯಾವುದೋ ಹೊಸಹಳ್ಳಿ ತೋರಿಸುತ್ತದೆ. ಊರು ಸರಿಯಿದ್ದರೂ ಹತ್ತಿರದ ದಾರಿ ಅಂತ ಗಾಡಿದಾರಿಗೆ ಇಳಿಸುತ್ತದೆ. ಒಂದು ಮದುವೆಗೆ ಹೆಣ್ಣಿನ ಕಡೆಯವರ ಟೆಂಪೋ ಟ್ರಾವೆಲರ್ ಹೀಗೇ ನಾಲೆ ಏರಿ ಹತ್ತಿತ್ತು. ತಿರುಗಿಸಲು ಜಾಗವಿಲ್ಲದೆ ಕತ್ತಲಲ್ಲಿ ಅಷ್ಟು ದೂರವೂ ರಿವರ್ಸಿನಲ್ಲೇ ಬಂತು.

ಫ್ಲೆಕ್ಸ್ ಬಾಣದ ಬೋರ್ಡ್ ಕಟ್ಟಿಸಿದವರೂ ಇದ್ದಾರೆ. ಹತ್ತು ಬೋರ್ಡಿಗೆ ಕಟ್ಟುವ ಕೂಲಿ ಸೇರಿ ಎರಡು ಸಾವಿರದ ಹತ್ತಿರ ಆಗುತ್ತಿತ್ತು. ಗಾಳಿಗೆ ಒಂದು ಬೋರ್ಡ್ ತಿರುಗಿದರೆ ಬಾಣವೂ ತಿರುಗುತ್ತದೆ. ಒಳ್ಳೆ ಲಗ್ನದ ದಿನ ಒಂದೇ ರಸ್ತೆಯಲ್ಲಿ ಮೂರು ಮದುವೆಯ ಬಾಣ ಇರುತ್ತವೆ. ನನ್ನ ಚೀಟಿ ಸಾವಿರಕ್ಕೆ ಸುಮಾರು ನಾನೂರು ರೂಪಾಯಿ, ಅಷ್ಟೇ.

ಚೀಟಿಯ ಜೀವ ಇರುವುದು ಗುರುತಿನ ಆಯ್ಕೆಯಲ್ಲಿ. ಊರಿನವರನ್ನು ಕೇಳಿದರೆ ‘ಗೌಡ್ರ ಹಳೇ ಮನೆ ಹತ್ರ ತಿರುಗಿ’ ಅಂತಾರೆ. ಅದು ಊರಿನವರಿಗೆ ಮಾತ್ರ ಗೊತ್ತು. ಅಂಗಡಿ ಹೆಸರು ಬರೆದರೆ ರಾತ್ರಿ ಶಟರ್ ಎಳೆದಿರುತ್ತದೆ, ಬೋರ್ಡು ಕಾಣಲ್ಲ. ಒಂಟಿ ಮರವನ್ನು ನಾನು ನಂಬುವುದಿಲ್ಲ, ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದೇ ಅದು. ಕಬ್ಬು ಆಳೆತ್ತರ ಬೆಳೆದರೆ ಕೈಕಂಬವೂ ಮುಚ್ಚಿಹೋಗುತ್ತದೆ. ಆರತಕ್ಷತೆಗೆ ಬರುವವರು ಹೊತ್ತು ಮುಳುಗಿದ ಮೇಲೆ ಬರುತ್ತಾರೆ, ಹಾಗಾಗಿ ಕಾರಿನ ಲೈಟಿಗೆ ಕಾಣುವಂಥದ್ದೇ ಬೇಕು. ಓವರ್‌ಹೆಡ್ ಟ್ಯಾಂಕಿನ ಕಂಬ, ಸೇತುವೆಯ ತಡೆಗೋಡೆ, ದೇವಸ್ಥಾನದ ಕಮಾನು, ಶಾಲೆಯ ಕಾಂಪೌಂಡು, ರೋಡ್ ಹಂಪು. ಹಂಪು ಕಣ್ಣಿಗೆ ತಪ್ಪಿದರೂ ಸೊಂಟಕ್ಕೆ ತಪ್ಪಲ್ಲ.

ಇತ್ತೀಚೆಗೆ ಬರೆದ ಒಂದು ಚೀಟಿ ಹೀಗಿದೆ, ಊರಿನ ಹೆಸರು ಬಿಟ್ಟಿದ್ದೇನೆ:

‘ಬೆಂಗಳೂರು ಕಡೆಯಿಂದ ಬರುವವರು: ಬೆಳ್ಳೂರು ಕ್ರಾಸಿನಲ್ಲಿ ನಾಗಮಂಗಲ ರಸ್ತೆಗೆ ತಿರುಗಿ. ಸುಮಾರು ಆರು ಕಿ.ಮೀ. ಆದ ಮೇಲೆ ಎಡಕ್ಕೆ ಆಂಜನೇಯನ ಗುಡಿಯ ಕಮಾನು. ಕಮಾನಿನ ಒಳಗೆ ಹೋಗಿ. ಪೆಟ್ರೋಲ್ ಬಂಕ್ ಸಿಕ್ಕಿದರೆ ಮುಂದೆ ಬಂದಿದ್ದೀರಿ, ತಿರುಗಿಸಿಕೊಳ್ಳಿ. ಕಮಾನಿನಿಂದ ಕೆರೆ ಏರಿ ಮೇಲೆ ನೇರ ಬನ್ನಿ. ಏರಿ ಮುಗಿದು ಎರಡು ಹಂಪು ದಾಟಿದ ಕೂಡಲೇ ಬಲಕ್ಕೆ ಹಾಲಿನ ಡೈರಿ. ಡೈರಿ ಪಕ್ಕದ ಕಾಂಕ್ರೀಟ್ ರಸ್ತೆ ಕೊನೆಯಲ್ಲಿ ಛತ್ರ.’

ಇದರಲ್ಲಿ ಮುಖ್ಯ ಆ ಪೆಟ್ರೋಲ್ ಬಂಕ್. ತಿರುವು ತಪ್ಪಿದ್ದು ಗೊತ್ತಾಗದೆ ಜನ ನಾಗಮಂಗಲದವರೆಗೂ ಹೋಗಿಬಿಡುತ್ತಾರೆ. ದೊಡ್ಡ ತಿರುವಿಗೆಲ್ಲ ಹೀಗೆ ‘ಇದು ಸಿಕ್ಕಿದರೆ ದಾಟಿದ್ದೀರಿ’ ಅನ್ನುವ ಗುರುತು ಕೊಡಲೇಬೇಕು. ಮೈಸೂರು ಕಡೆಯವರಿಗೆ ಚೀಟಿಯ ಹಿಂದುಗಡೆ ಬೇರೆ ಬರೆಯುತ್ತೇನೆ. ಅವರಿಗೆ ಬಂಕ್ ಮೊದಲು ಸಿಗುತ್ತದೆ, ಕಮಾನು ಬಲಕ್ಕೆ ಬರುತ್ತದೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ತುರುಕಿದರೆ ಇಬ್ಬರೂ ಕೆಡುತ್ತಾರೆ.

ಬರೆದ ಮೇಲೆ ಊರು ನೋಡಿರದ ಒಬ್ಬ ಡ್ರೈವರ್ ಕೈಗೆ ಕೊಟ್ಟು, ಕತ್ತಲಾದ ಮೇಲೆ ಕರೆದುಕೊಂಡು ಹೋಗುತ್ತೇನೆ. ನಾನು ಹಿಂದಿನ ಸೀಟಿನಲ್ಲಿ ಬಾಯಿ ಬಿಡದೆ ಕೂರುತ್ತೇನೆ. ಅವನು ಎಲ್ಲಿ ಬ್ರೇಕ್ ಒತ್ತಿ ಅನುಮಾನ ಪಡುತ್ತಾನೋ ಅಲ್ಲಿಗೆ ಒಂದು ಗುರುತು ಸೇರಿಸುತ್ತೇನೆ. ಡೀಸೆಲ್, ಊಟ ಸೇರಿ ಐನೂರು ಆರುನೂರು ಖರ್ಚು. ಅದನ್ನು ಪಾರ್ಟಿಯಿಂದಲೇ ತೆಗೆದುಕೊಳ್ಳುತ್ತೇನೆ, ಯಾರೂ ಇಲ್ಲ ಅಂದಿಲ್ಲ.

ಸುಣ್ಣದಲ್ಲಿ ರಸ್ತೆ ಮೇಲೆ ಬಾಣ ಬರೆಸಿಯೂ ನೋಡಿದೆ. ಹಗಲು ಚೆನ್ನಾಗಿ ಕಂಡಿತು, ಸಂಜೆ ಒಂದು ಮಳೆಗೆ ತೊಳೆದುಹೋಯಿತು. ಬೇಸಿಗೆ ಲಗ್ನಕ್ಕೆ ಈಗಲೂ ಅದನ್ನು ಮಾಡಿಸುತ್ತೇನೆ. ಸುಣ್ಣಕ್ಕೆ ಏನು ಬೆರೆಸಿದರೆ ಟೈರಿಗೆ ಅಳಿಯುವುದಿಲ್ಲ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಫೋನ್ ನಂಬರ್ ಗಂಡಿನ ತಂದೆಯದು ಹಾಕಬೇಡಿ. ವಾಲಗದ ಸದ್ದಿನಲ್ಲಿ ರಿಂಗ್ ಕೇಳಲ್ಲ, ಕೇಳಿದರೂ ಅವರು ಶಾಸ್ತ್ರದಲ್ಲಿ ಕೂತಿರುತ್ತಾರೆ. ಕಮಾನಿನ ಹತ್ತಿರವೇ ಮನೆ ಇರುವ ನೆಂಟರ ಹುಡುಗನ ನಂಬರ್ ಹಾಕಿ.

ಬಸ್ಸಿನಲ್ಲಿ ಬರುವವರಿಗೂ ಎರಡು ಸಾಲು ಬೇಕು. ಕಂಡಕ್ಟರ್‌ಗೆ ಛತ್ರದ ಹೆಸರು ಗೊತ್ತಿರಲ್ಲ, ಸ್ಟೇಜ್ ಹೆಸರು ಗೊತ್ತಿರುತ್ತದೆ. ಹಾಗಾಗಿ ‘ಇಂಥ ಗೇಟ್ ಅಂತ ಟಿಕೆಟ್ ತಗೊಳ್ಳಿ’ ಅಂತಲೇ ಬರೆಯುತ್ತೇನೆ. ಎಕ್ಸ್‌ಪ್ರೆಸ್ ಬಸ್ಸು ಗೇಟಿನಲ್ಲಿ ನಿಲ್ಲಿಸಲ್ಲ, ಬೆಳ್ಳೂರು ಕ್ರಾಸಿನಲ್ಲಿ ಇಳಿದು ಶಟಲ್ ಬಸ್ ಹತ್ತಬೇಕು ಅನ್ನುವುದನ್ನೂ ಸೇರಿಸುತ್ತೇನೆ. ಗೇಟಿನಿಂದ ಛತ್ರಕ್ಕೆ ಆಟೋ ಸಿಗುವುದು ಕಷ್ಟ. ಅಲ್ಲಿ ಸಂಜೆ ಐದರಿಂದ ಒಂದು ಗಾಡಿ ನಿಲ್ಲಿಸಿ ಅಂತ ಮದುವೆ ಮನೆಯವರಿಗೆ ಮೊದಲೇ ಹೇಳಿರುತ್ತೇನೆ.