ಮೊದಲಕ್ಷರದಿಂದ ಹುಟ್ಟಿದ ಪದ: ನಾನು ಹಿಡಿಯುವ ಬಗೆ

ಹತ್ತು ಹನ್ನೆರಡು ವರ್ಷದಿಂದ ಕ್ವಿಜ್ ಪ್ರಶ್ನೆ ಬರೆಯುತ್ತಿದ್ದೇನೆ. ಶುರುವಿನಲ್ಲೇ ನನಗೆ ಪೆಟ್ಟು ಕೊಟ್ಟ ಪದ 'ಗಾಲ್ಫ್'. 'ಜೆಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್' ಅನ್ನೋದರ ಮೊದಲಕ್ಷರಗಳೇ ಗಾಲ್ಫ್ ಎಂದು ಒಂದು ಕಾಲೇಜಿನಲ್ಲಿ ಉತ್ತರ ಹೇಳಿಬಿಟ್ಟೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. 1457ರಲ್ಲೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫ್ ಆಡಬಾರದು ಎಂದು ಆಜ್ಞೆ ಮಾಡಿತ್ತು, ಆ ಕಾಲದಲ್ಲಿ ಯಾರು ಸರ್ ಹೀಗೆ ಪದ ಕಟ್ಟುತ್ತಿದ್ದರು ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಎರಡು ತಂಡಕ್ಕೂ ಬಹುಮಾನ ಕೊಡಬೇಕಾಯ್ತು, ಸುಮಾರು ಎರಡು ಸಾವಿರ ನನ್ನ ಜೇಬಿನಿಂದಲೇ ಹೋಯ್ತು.

ಆಮೇಲೆ ಅವೆನ್ಯೂ ರಸ್ತೆಯಲ್ಲಿ ಹಳೇ ಡಿಕ್ಷನರಿಗಳಿಗೆ ಮೂರೋ ನಾಲ್ಕೋ ಸಾವಿರ ಸುರಿದೆ. ಅಕ್ಷರ ಜೋಡಿಸಿ ನೋಡಿದರೆ ಯಾವ ಪೂರ್ಣರೂಪ ನಿಜ, ಯಾವುದು ಸುಳ್ಳು ಎಂದು ಗೊತ್ತಾಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಸುಳ್ಳು ಗಾಲ್ಫ್ ಅಚ್ಚುಕಟ್ಟಾಗಿ ಕೂರುತ್ತದೆ, ನಿಜವಾದ ರಾಡಾರ್ ಕೂರುವುದಿಲ್ಲ: ರೇಡಿಯೊದಿಂದ ಎರಡು ಅಕ್ಷರ, 'ಡಿಟೆಕ್ಷನ್ ಆ್ಯಂಡ್ ರೇಂಜಿಂಗ್'ನಿಂದ ಒಂದೊಂದು.

ಈಗ ನಾನು ಮುಖ್ಯವಾಗಿ ನೋಡುವುದು ಇದನ್ನು: ಪದವೂ ಅದರ ಪೂರ್ಣರೂಪವೂ ಒಟ್ಟಿಗೆ ಹುಟ್ಟಿದವಾ? ಲೇಸರ್ ತಗೊಳ್ಳಿ. 1957ರಲ್ಲಿ ಅಮೆರಿಕದ ಭೌತವಿಜ್ಞಾನಿ ಗಾರ್ಡನ್ ಗೌಲ್ಡ್ ತನ್ನ ನೋಟ್‌ಬುಕ್ಕಿನಲ್ಲಿ ಆ ಪದ ಬರೆದಾಗ ಪಕ್ಕದಲ್ಲೇ 'ಲೈಟ್ ಆಂಪ್ಲಿಫಿಕೇಶನ್ ಬೈ ಸ್ಟಿಮ್ಯುಲೇಟೆಡ್ ಎಮಿಷನ್ ಆಫ್ ರೇಡಿಯೇಶನ್' ಎಂದೂ ಬರೆದಿದ್ದ. ಆ ಹಾಳೆಗಳಿಗೆ ಒಂದು ಮಿಠಾಯಿ ಅಂಗಡಿಯಲ್ಲಿ ನೋಟರಿ ಮುದ್ರೆಯನ್ನೂ ಹಾಕಿಸಿದ. ಅದಕ್ಕೆ ಮುಂಚೆಯೇ ಲೈಟಿನ ಜಾಗದಲ್ಲಿ ಮೈಕ್ರೊವೇವ್ ಇಟ್ಟು ಇದೇ ಮಾದರಿಯಲ್ಲಿ ಕಟ್ಟಿದ 'ಮೇಸರ್' ಎಂಬ ಪದ ಇತ್ತು. ಹೀಗೆ ಅಣ್ಣನೊಬ್ಬ ಸಿಕ್ಕರೆ ನನಗೆ ಧೈರ್ಯ ಬರುತ್ತದೆ. ಸೋನಾರಿಗೂ ರಾಡಾರೇ ಅಣ್ಣ. ಗಾಲ್ಫಿನ ಪೂರ್ಣರೂಪ ಹುಟ್ಟಿದ್ದು ಪದ ಬಂದು ಶತಮಾನಗಳಾದ ಮೇಲೆ.

ಇನ್ನೊಂದು ಗುರುತು ಇದೆ. ನಿಜವಾದ ಪೂರ್ಣರೂಪ ಸಪ್ಪೆ. ಸ್ಕೂಬಾ ಅಂದರೆ 'ಸೆಲ್ಫ್-ಕಂಟೇನ್ಡ್ ಅಂಡರ್‌ವಾಟರ್ ಬ್ರೀದಿಂಗ್ ಅಪರೇಟಸ್', ಸಾಮಾನಿನ ಪಟ್ಟಿ ಓದಿದ ಹಾಗೆ. ಸುಳ್ಳಿನಲ್ಲಿ ಮಾತ್ರ ಕಥೆ ಇರುತ್ತದೆ. ಕೇಳಿ ಖುಷಿಯಾದರೆ ನಾನು ಮೊದಲು ಅನುಮಾನ ಪಡುತ್ತೇನೆ.

ಇಂಥ ಪದ ಜನರ ಬಾಯಲ್ಲಿ ಎಷ್ಟು ಸಲೀಸಾಗಿದೆ ಎಂದು ತಿಳಿಯಲು ಸುಮ್ನೆ ಒಂದು ಪರೀಕ್ಷೆಯನ್ನೂ ಮಾಡಿದ್ದೆ. ನೆಂಟರಲ್ಲಿ ಇಪ್ಪತ್ತು ಜನರ ಮಾತಿಗೆ ಕಿವಿಗೊಟ್ಟೆ. ಹೆಚ್ಚುಕಡಿಮೆ ಎಲ್ಲರೂ 'ಪಿನ್ ನಂಬರ್' ಅಂದರು, 'ಲೇಸರ್ ಲೈಟ್' ಅಂದರು. ಪಿನ್ನಿನ ಕೊನೆಯ ಅಕ್ಷರವೇ ನಂಬರ್, ಲೇಸರಿನ ಮೊದಲನೆಯದೇ ಲೈಟ್, ಅಲ್ವಾ? ಒಳಗಿರುವ ಪದವನ್ನೇ ಜನ ಮತ್ತೆ ಹೊರಗೆ ಸೇರಿಸಿದರೆ ಪೂರ್ಣರೂಪ ಮರೆತುಹೋಗಿದೆ ಎಂದೇ ಲೆಕ್ಕ. ಆದರೆ ಹುಟ್ಟು ಯಾವುದು ಎಂದು ಇದು ಹೇಳುವುದಿಲ್ಲ, ಅದಕ್ಕೆ ಇಸವಿಯೇ ಬೇಕು.

ಇಸವಿ ಬೇಗ ಹುಡುಕಲು ನನ್ನದೇ ಒಂದು ದಾರಿ ಇದೆ, ಅದನ್ನು ಸದ್ಯಕ್ಕೆ ಹೇಳಲ್ಲ. ಇದೆಲ್ಲ ಆಗದ ಕೆಲಸ ಎಂದಿದ್ದ ಗೆಳೆಯರೇ ಈಗ ಪ್ರಶ್ನೆ ಕಳಿಸಿ, ಒಮ್ಮೆ ನೋಡಿಬಿಡು ಅನ್ನುತ್ತಾರೆ. ಕಳೆದ ನಲವತ್ತು ಚಿಲ್ಲರೆ ಪದಗಳಲ್ಲಿ ಒಂದನ್ನೂ ಯಾರೂ ತಪ್ಪೆಂದು ತೋರಿಸಿಲ್ಲ.